ಅಮ್ಮನ ಚಪ್ಪಲಿ ಸಮೇತ ಕಾಪಿ ಹೊಡೆದ ಪೋಸ್ಟು, ತೆಗೆಸೋದು ಹೇಗೆ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದವಳು, ಮೂರು ವರ್ಷದಿಂದ ಬ್ಲಾಗರ್‌ನಲ್ಲಿ ನಮ್ಮ ಕಡೆ ಜಾಗಗಳ ಬಗ್ಗೆ ಬರೀತೀನಿ. ಕೋಟೆ ಮತ್ತೆ ಚಂದ್ರವಳ್ಳಿ ಒಂದೇ ದಿನದಲ್ಲಿ ನೋಡೋದು ಹೇಗೆ ಅಂತ ಬರೆದಿದ್ದನ್ನ ಬೇರೆ ಸೈಟಿನವರು ಫೋಟೋ ಸಮೇತ ಹಾಕ್ಕೊಂಡಿದಾರೆ, ಗೂಗಲ್‌ನಲ್ಲಿ ಅವರದ್ದೇ ಮೇಲೆ ಬರ್ತಿದೆ. ಕಾಮೆಂಟ್ ಹಾಕಿದ್ರೆ ಡಿಲೀಟ್ ಮಾಡಿದ್ರು. ಕಾಪಿರೈಟ್ ರಿಜಿಸ್ಟರ್ ಮಾಡ್ಸಿಲ್ಲ. ಲಾಯರ್ ಹಿಡೀಬೇಕಾ? ಎರಡೂ ಲಿಂಕ್ ಕಳಿಸಿದೀನಿ.

ಉತ್ತರ: ಲಾಯರ್ ಈಗ್ಲೇ ಬೇಡ ಮೇಡಂ. ರಿಜಿಸ್ಟರ್ ಆಗಿಲ್ಲ ಅಂತಾನೂ ತಲೆ ಕೆಡಿಸ್ಕಬೇಡ್ರಿ, ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದಾಗ್ಲೇ ಹಕ್ಕು ನಿಮ್ದು, ಕಾಪಿರೈಟ್ ಬಗ್ಗೆ ದೇಶ ದೇಶಗಳು ಮಾಡ್ಕಂಡಿರೋ ಬರ್ನ್ ಒಪ್ಪಂದದಲ್ಲಿ ನಮ್ಮ ದೇಶಾನೂ ಇದೆ ಅಮೆರಿಕಾನೂ ಇದೆ, ಹಂಗಾಗಿ ಅವರ ಸೈಟನ್ನ ಇಟ್ಕಂಡಿರೋ ಕಂಪನಿ ಅಮೆರಿಕದ್ದಾದ್ರೂ, ಪೇಜು ತೆಗೀರಿ ಅಂತ ಅದಕ್ಕೆ ನೋಟಿಸ್ ಕಳಿಸೋಕೂ ಯಾವ ಸರ್ಟಿಫಿಕೇಟೂ ಬೇಕಾಗಲ್ಲ.

ನೀವು ಕಳಿಸಿದ ಎರಡೂ ಪೇಜು ಪಕ್ಕಪಕ್ಕ ತೆಗೆದು ಕೂತು ಓದಿದೆ. ಓಬವ್ವನ ಕಿಂಡಿ ಹತ್ರ "ನಮ್ಮಮ್ಮ ಚಪ್ಪಲಿ ಕೈಲಿ ಹಿಡ್ಕಂಡು ಹತ್ತಿದ್ರು" ಅಂತ ಬರೆದಿದೀರಲ್ಲ, ಆ ಪುಣ್ಯಾತ್ಮನ ಪೇಜಲ್ಲೂ ಅದೇ ಅಮ್ಮ ಅದೇ ಚಪ್ಪಲಿ ಹಿಡ್ಕಂಡು ಅದೇ ಮೆಟ್ಟಿಲು ಹತ್ತಿದಾರೆ! ಅದಕ್ಕಿಂತ ಒಳ್ಳೇ ಸಾಕ್ಷಿ ಇನ್ನೊಂದು ಸಿಕ್ತು ನೋಡ್ರಿ. ನಿಮ್ಮ ಪೋಸ್ಟಲ್ಲಿ ಮೊದಲ ದಿನ "ಚಂದ್ರವಳ್ಳಿ" ಅನ್ನೋದು ಒಂದು ಕಡೆ "ಚಂದ್ರವಲ್ಳಿ" ಅಂತ ಆಗಿತ್ತು, ಮಾರನೇ ದಿನ ಯಾರೋ ಕಾಮೆಂಟಲ್ಲಿ ಹೇಳಿದ್ಮೇಲೆ ನೀವು ತಿದ್ದಿದೀರಿ, ಕೆಳಗೆ ಥ್ಯಾಂಕ್ಸ್ ಅಂತ ಉತ್ತರಾನೂ ಕೊಟ್ಟಿದೀರಿ. ಅವರ ಪೇಜಲ್ಲಿ ಆ ತಪ್ಪು ಹಂಗೇ ಇದೆ. ಅಂದ್ರೆ ನೀವು ತಿದ್ದೋಕೆ ಮುಂಚೆ ಎತ್ತಿದಾರೆ. ಅವರ ಪೇಜಿನ ಟೈಮು ನೋಡಿದ್ರೆ ನಿಮ್ದಾದ ಹನ್ನೆರಡು ನಿಮಿಷಕ್ಕೆ ಬಂದಿದೆ, ಇದು ಮನುಷ್ಯ ಕೂತು ಕಾಪಿ ಪೇಸ್ಟ್ ಮಾಡಿದ್ದಲ್ಲ, ಹೊಸ ಪೋಸ್ಟ್ ಹಾಕಿದ ತಕ್ಷಣ ಬ್ಲಾಗ್ ತಾನಾಗೇ ಹೊರಗೆ ಬಿಡೋ ಪ್ರತಿ ಇರತ್ತಲ್ಲ, ಆ ಫೀಡ್‌ನಿಂದ ಸಾಫ್ಟ್‌ವೇರ್ ತಾನೇ ಎಳ್ಕಂಡಿರೋ ಹಾಗಿದೆ. ಕಾಮೆಂಟ್ ಹಾಕಿ, ಇಮೇಲ್ ಮಾಡಿ ಬೇಡ್ಕೊಳ್ಳೋದು ಇಂಥವರ ಹತ್ರ ನಡಿಯಲ್ಲ, ನೇರ ನೋಟಿಸ್ಸೇ.

ಆದ್ರೆ ನೋಟಿಸ್ ಬರೆಯೋಕೆ ಮುಂಚೆ ನಿಮ್ಮ ಪೋಸ್ಟನ್ನೇ ಒಂದ್ಸಲ ಅನುಮಾನದಿಂದ ಓದ್ರಿ. ಇದನ್ನ ಯಾರೂ ಮಾಡಲ್ಲ. ಕೋಟೆಗೆ ಏಳು ಸುತ್ತು ಅನ್ನೋದು, ಚಂದ್ರವಳ್ಳಿಲಿ ಕದಂಬರ ಮಯೂರಶರ್ಮನ ಶಾಸನ ಇದೆ ಅನ್ನೋದು, ಟಿಕೆಟ್ಟು, ಟೈಮಿಂಗು, ಇವೆಲ್ಲ ಯಾರಪ್ಪನ ಸ್ವತ್ತೂ ಅಲ್ಲ, ಮಾಹಿತಿಗೆ ಕಾಪಿರೈಟ್ ಇಲ್ಲ. ಅವರು ಅದನ್ನೇ ತಮ್ಮ ಮಾತಲ್ಲಿ ಬರೆದಿದ್ರೆ ನೀವೂ ನಾನೂ ಬಾಯಿ ಮುಚ್ಕಂಡಿರಬೇಕಿತ್ತು. ನಿಮ್ಮ ಹಕ್ಕು ಇರೋದು ನೀವು ಬರೆದ ವಾಕ್ಯಗಳ ಮೇಲೆ, ನೀವು ತೆಗೆದ ಫೋಟೋಗಳ ಮೇಲೆ. ಅಂದಹಾಗೆ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿ ಹಾಕಿದ್ರೂ ಅದು ನಿಮ್ಮ ಹಕ್ಕೇ, ಅದಕ್ಕೂ ಒಪ್ಪಿಗೆ ಬೇಕು. ಇನ್ನು ಜೋಗಿಮಟ್ಟಿ ಕಡೆಯಿಂದ ತೆಗೆದ ಆ ಮಂಜಿನ ಫೋಟೋ ಕೆಳಗೆ "ಫೋಟೋ: ಗೆಳತಿ" ಅಂತ ಹಾಕಿದೀರಲ್ಲ, ಅದನ್ನ ನೋಟಿಸ್‌ನಲ್ಲಿ ಸೇರಿಸಬೇಡ್ರಿ. ಅದರ ಹಕ್ಕು ಅವರದ್ದು, ಬೇಕಾದ್ರೆ ಅವರೇ ಬೇರೆ ನೋಟಿಸ್ ಕೊಡಬೇಕು ಇಲ್ಲ ನಿಮಗೆ ಬರಹದಲ್ಲಿ ಅಧಿಕಾರ ಕೊಡಬೇಕು. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಅಮೆರಿಕದ ಕಾನೂನಿನ ನೋಟಿಸ್‌ನಲ್ಲಿ "ಇದರ ಹಕ್ಕುದಾರಳು ನಾನೇ" ಅನ್ನೋದನ್ನ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಟ್ಟು ಹೇಳ್ತೀನಿ ಅಂತ ಬರೆದು ಸೈನ್ ಹಾಕ್ತೀರಿ, ಗೊತ್ತಿದ್ದೂ ಸುಳ್ಳು ನೋಟಿಸ್ ಕೊಟ್ಟೋರು ನಷ್ಟ ಕಟ್ಟಿಕೊಡಬೇಕು ಅಂತಾನೂ ಅದರಲ್ಲೇ ಇದೆ.

ಆಮೇಲೆ ಸಾಕ್ಷಿ. ನೋಟಿಸ್ ಮುಟ್ಟಿದ ತಕ್ಷಣ ಅವರು ಪೇಜು ಬದಲಾಯಿಸ್ತಾರೆ, ತಾರೀಖು ಹಿಂದಕ್ಕೆ ಹಾಕಿ "ನಾವೇ ಮೊದಲು" ಅನ್ನೋ ಖದೀಮರೂ ಇದಾರೆ. ಅದಕ್ಕೇ ಇವತ್ತೇ web.archive.org ಗೆ ಹೋಗಿ Save Page Now ನಲ್ಲಿ ನಿಮ್ಮ ಪೇಜು, ಅವರ ಪೇಜು ಎರಡನ್ನೂ ಸೇವ್ ಮಾಡಿಸ್ರಿ. ನೀವಿಟ್ಟ ಸ್ಕ್ರೀನ್‌ಶಾಟ್ ಮೇಲೆ ಯಾರಾದ್ರೂ ಎಡಿಟ್ ಮಾಡಿದ್ದು ಅಂತ ಅನುಮಾನ ಪಡಬಹುದು, ಮೂರನೆಯವರು ತಾರೀಖು ಹಾಕಿ ಇಟ್ಕಂಡಿದ್ದಕ್ಕೆ ತೂಕ ಜಾಸ್ತಿ. ಸ್ಕ್ರೀನ್‌ಶಾಟೂ ತೆಗೀರಿ, ವಿಳಾಸ ಕಾಣೋ ಹಾಗೆ. ಫೋಟೋಗಳ ಒರಿಜಿನಲ್ ಫೈಲ್ ಫೋನಲ್ಲೋ ಲ್ಯಾಪ್‌ಟಾಪಲ್ಲೋ ಇರೋದನ್ನ ಬೇರೆ ಕಡೆ ಒಂದು ಪ್ರತಿ ಇಡ್ರಿ, ತೆಗೆದ ದಿನ, ಕ್ಯಾಮೆರಾ ವಿವರ ಫೈಲ್ ಒಳಗೇ ಇರತ್ತೆ. ವಾಟ್ಸಾಪಲ್ಲಿ ಫೋಟೋ ಥರ ಕಳಿಸ್ಕಂಡಿದ್ದು ಕೆಲಸಕ್ಕೆ ಬರಲ್ಲ, ಅದು ಆ ವಿವರನೆಲ್ಲ ಕಿತ್ತು ಹಾಕ್ಬಿಡತ್ತೆ.

ಈಗ ಮುಖ್ಯ ವಿಷ್ಯ, ನೋಟಿಸ್ ಯಾರಿಗೆ. ಇಲ್ಲೇ ನಾನೂ ಮೊದಲ ಸಲ ಮುಗ್ಗರಿಸಿದ್ದು. ನಮ್ಮ ದಾವಣಗೆರೆ ಬೆಣ್ಣೆ ದೋಸೆ ಬಗ್ಗೆ, ಕಾವಲಿ ಮೇಲೆ ಹಿಟ್ಟು ಹುಯ್ಯೋದ್ರಿಂದ ಹಿಡಿದು ಆಲೂಗಡ್ಡೆ ಪಲ್ಯದ ತನಕ ಬರೆದಿದ್ದನ್ನ ಯಾರೋ ಎತ್ತಿದ್ರು. ನಾನು ಸೀದಾ ಡೊಮೇನ್ ಯಾರ ಹತ್ರ ತಗಂಡಿದಾರೆ ಅಂತ ಹುಡುಕಿ ಆ ಕಂಪನಿಗೆ ಉದ್ದದ ನೋಟಿಸ್ ಕಳಿಸಿ ಮೀಸೆ ತಿರುವಿಕೊಂಡು ಕೂತೆ. ವಾರ ಆದ್ಮೇಲೆ ಎರಡು ಸಾಲಿನ ಉತ್ತರ ಬಂತು, ನಾವು ಹೆಸರು ಮಾರಿದೀವಿ ಅಷ್ಟೇ, ಫೈಲು ನಮ್ಮ ಹತ್ರ ಇಲ್ಲ ಅಂತ. ಡೊಮೇನ್ ಕಂಪನಿ ಅಂದ್ರೆ ಅಂಗಡಿಗೆ ಬೋರ್ಡ್ ಬರೆದುಕೊಟ್ಟೋನು, ಹೋಸ್ಟ್ ಅಂದ್ರೆ ಅಂಗಡಿ ಮಳಿಗೆ ಬಾಡಿಗೆಗೆ ಕೊಟ್ಟೋನು. ನಮಗೆ ಬೇಕಿರೋನು ಮಳಿಗೆಯೋನು.

ಅವನನ್ನ ಹುಡುಕೋದು ಕಷ್ಟ ಇಲ್ಲ. ವಿಂಡೋಸ್‌ನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆಗೆದು, ಕದ್ದ ಸೈಟಿನ ಹೆಸರು ಹಾಕಿ ಹೀಗೆ ಟೈಪ್ ಮಾಡ್ರಿ:

```
nslookup example.com
```

ಎರಡನೇ ಭಾಗದಲ್ಲಿ Address ಇಲ್ಲ Addresses ಮುಂದೆ ಒಂದೋ ಹೆಚ್ಚೋ ಐಪಿ ನಂಬರ್ ಬರತ್ತೆ. ಮೇಲಿನ ಭಾಗದಲ್ಲಿ ಬರೋದು ನೀವು ಬಳಸ್ತಿರೋ ಡಿಎನ್‌ಎಸ್ ಸರ್ವರ್‌ದು, ಸಾಮಾನ್ಯವಾಗಿ ನಿಮ್ಮ ಇಂಟರ್ನೆಟ್ ಕಂಪನಿದೋ ರೂಟರ್‌ದೋ ಇರತ್ತೆ, ಅದನ್ನ ಎತ್ಕಂಡು ನೋಟಿಸ್ ಕಳಿಸಿದೋರೂ ಇದಾರೆ! ಆ ಎರಡನೇ ಭಾಗದ ಒಂದು ನಂಬರನ್ನ lookup.icann.org ನಲ್ಲಿ ಹಾಕಿದ್ರೆ ಆ ನಂಬರ್ ಯಾವ ಕಂಪನಿದು, ದೂರಿಗೆ ಯಾವ ಇಮೇಲ್ ಅಂತ ಬರತ್ತೆ. ನಿಮ್ಮ ಕೇಸಲ್ಲಿ ನಾನು ಹಾಕಿ ನೋಡ್ದೆ, ಕ್ಲೌಡ್‌ಫ್ಲೇರ್ ಅಂತ ಬಂತು. ಅದು ಮಳಿಗೆಯೋನಲ್ಲ, ಮಳಿಗೆ ಮುಂದೆ ಪರದೆ ಕಟ್ಟಿರೋನು. ನಿಜವಾದ ಸರ್ವರ್ ಹಿಂದೆ ಎಲ್ಲೋ ಇರತ್ತೆ, ಹೊರಗಿನಿಂದ ಕಾಣಲ್ಲ. ಇದಕ್ಕೆ ಹೆದರೋದೇನಿಲ್ಲ, abuse.cloudflare.com ನಲ್ಲಿ ಕಾಪಿರೈಟ್ ದೂರು ಅಂತ ಆರಿಸ್ಕಂಡು ಫಾರ್ಮ್ ತುಂಬಿದ್ರೆ ಅವರು ನಿಮ್ಮ ದೂರನ್ನ ಹೋಸ್ಟಿಗೆ ದಾಟಿಸಿ, ಹೋಸ್ಟ್ ಯಾರು ಅಂತ ನಿಮಗೆ ತಿಳಿಸ್ತಾರೆ. ಅವರಾಗೇ ಪೇಜು ತೆಗೀತಾರೆ ಅಂತ ಕಾಯಬೇಡ್ರಿ, ಹೆಸರು ಸಿಕ್ಕ ಮೇಲೆ ಆ ಹೋಸ್ಟಿಗೆ ನೀವೇ ಪೂರ್ತಿ ನೋಟಿಸ್ ಕಳಿಸ್ಬೇಕು.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಈ ನೋಟಿಸ್‌ಗಳಲ್ಲಿ ಹೆಸರು, ವಿಳಾಸ, ಫೋನು, ಇಮೇಲು ಕೊಡಬೇಕು, ಮತ್ತೆ ಅದು ಆ ಕಳ್ಳ ಸೈಟಿನವನ ಕೈಗೂ ಹೋಗಬಹುದು. ಗೂಗಲ್‌ಗೆ ಕೊಟ್ಟ ದೂರಿನ ಪ್ರತಿ ಲ್ಯೂಮೆನ್ ಅನ್ನೋ ಸಾರ್ವಜನಿಕ ಸಂಗ್ರಹಕ್ಕೆ ಹೋಗತ್ತೆ, ಅಲ್ಲಿ ಫೋನು ವಿಳಾಸ ಮರೆ ಮಾಡ್ತಾರೆ ಆದ್ರೆ ಹೆಸರು ಕಾಣತ್ತೆ. ಹಂಗಂತ ಸುಳ್ಳು ಹೆಸರು ಹಾಕೋ ಹಾಗಿಲ್ಲ, ನೋಟಿಸ್ಸೇ ಬಿದ್ದು ಹೋಗತ್ತೆ. ಮನೆ ವಿಳಾಸ ಬದಲು ಕೆಲಸದ ಜಾಗದ್ದೋ ಪೋಸ್ಟ್ ಬಾಕ್ಸ್‌ದೋ ಕೊಡ್ರಿ, ಇದಕ್ಕೇ ಅಂತ ಬೇರೆ ಇಮೇಲ್ ಮಾಡ್ಕಳ್ರಿ.

ನೋಟಿಸ್ ಒಳಗೆ ಏನಿರಬೇಕು ಅಂತ 1998ರ ಅಮೆರಿಕದ ಡಿಎಂಸಿಎ ಕಾನೂನೇ ಹೇಳಿದೆ. ಕದ್ದಿದ್ದು ಯಾವ ಕೃತಿ, ಕದ್ದ ಮಾಲು ಎಲ್ಲಿದೆ, ನಿಮ್ಮ ಸಂಪರ್ಕ, ಎರಡು ಹೇಳಿಕೆ, ಸಹಿ. ಸಹಿ ಅಂದ್ರೆ ಪೂರ್ತಿ ಹೆಸರು ಟೈಪ್ ಮಾಡಿದ್ರೂ ನಡಿಯತ್ತೆ. ಆ ಎರಡು ಹೇಳಿಕೆ ಬಿಟ್ಟು ಎಷ್ಟೇ ಕಣ್ಣೀರು ಹಾಕಿ ಬರೆದ್ರೂ ಅದು ನೋಟಿಸ್ ಅಲ್ಲ, ಹೀಗೆ ಬರೀರಿ:

```
I have a good faith belief that the use described above is not
authorized by the copyright owner, its agent, or the law.
The information in this notice is accurate, and under penalty
of perjury, I am the owner of the copyright in this work.
```

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ತೊಡಕಿದೆ. ಆ ಕಡೆ ಕೂತು ನೋಡೋನಿಗೆ ಕನ್ನಡ ಬರಲ್ಲ, ಎರಡು ಪೇಜೂ ಅವನಿಗೆ ಗುಂಡು ಗುಂಡು ಅಕ್ಷರ. "ಪೂರ್ತಿ ಕಾಪಿ ಮಾಡಿದಾರೆ" ಅಂತ ಇಂಗ್ಲಿಷಲ್ಲಿ ಒಂದು ಸಾಲು ಬರೆದ್ರೆ ಅವನು ಏನಂತ ತಾಳೆ ನೋಡ್ಬೇಕು? ಅದಕ್ಕೇ ಇಂಗ್ಲಿಷಲ್ಲಿ ನೋಟಿಸ್ ಬರೆದು, ಅದರ ಮಧ್ಯ ಕನ್ನಡದ ಮೂರು ವಾಕ್ಯ ಹಂಗೇ ಪೇಸ್ಟ್ ಮಾಡ್ರಿ, ಎರಡೂ ಪೇಜಲ್ಲಿ ಈ ವಾಕ್ಯನ Ctrl+F ಹಾಕಿ ಹುಡುಕು, ಅಕ್ಷರಕ್ಕೆ ಅಕ್ಷರ ಸಿಗತ್ತೆ ಅಂತ ಬರೀರಿ. ಒಂದು ಅಮ್ಮನ ಚಪ್ಪಲಿದು ಇರಲಿ, ಇನ್ನೊಂದು ನಿಮ್ಮ ಹಳೇ ಪೋಸ್ಟಿನ ಲಿಂಕ್ ಇರೋ ವಾಕ್ಯ, ಯಾಕಂದ್ರೆ ಅವರ ಪೇಜಲ್ಲೂ ಆ ಲಿಂಕ್ ಒತ್ತಿದ್ರೆ ನಿಮ್ಮ ಬ್ಲಾಗಿಗೇ ಬರತ್ತೆ, ಅದನ್ನ ತೆಗೆಯೋಷ್ಟು ಪುರುಸೊತ್ತೂ ಅವರಿಗೆ ಇಲ್ಲ. ಈ ಥರ ಕೊಟ್ರೆ ಭಾಷೆ ಬರದವನೂ ಎರಡು ನಿಮಿಷದಲ್ಲಿ ತಾಳೆ ನೋಡಬಹುದು.

ಹೋಸ್ಟ್ ಅಮೆರಿಕದ್ದಾದ್ರೆ ಇಷ್ಟೇ ದಿನದಲ್ಲಿ ಅಂತ ಕಾನೂನಲ್ಲಿ ಲೆಕ್ಕ ಇಲ್ಲ, ಬೇಗ ತೆಗೀಬೇಕು ಅಂತಿದೆ. ನಮ್ಮ ದೇಶದ ಕಂಪನಿ ಆದ್ರೆ 2013ರ ಕಾಪಿರೈಟ್ ನಿಯಮಗಳಲ್ಲಿ 75ನೇದನ್ನ ಹೆಸರಿಸಿ ಬರೀರಿ, ಬರಹದ ದೂರು ಸಿಕ್ಕ 36 ಗಂಟೆ ಒಳಗೆ ಆ ಪೇಜು ಸಿಗದ ಹಾಗೆ ಮಾಡ್ಬೇಕು ಅಂತ ಅದರಲ್ಲಿದೆ. ಆದ್ರೆ ಅದೇ ನಿಯಮದಲ್ಲಿ 21 ದಿನದ ಒಳಗೆ ನೀವು ಕೋರ್ಟ್ ಆದೇಶ ತಂದು ಕೊಡದಿದ್ರೆ ಅವರು ವಾಪಸ್ ಹಾಕಬಹುದು ಅಂತಾನೂ ಇದೆ, ಅದನ್ನ ಮರೀಬೇಡ್ರಿ.

ಇದರ ಜೊತೆ ಜೊತೆಗೇ ಗೂಗಲ್ ದೂರು, ಹೋಸ್ಟಿನ ಉತ್ತರಕ್ಕೆ ಕಾಯೋದು ಬೇಡ. Report Content for Legal Reasons ಅಂತ ಹುಡುಕಿದ್ರೆ ಗೂಗಲ್‌ನದ್ದೇ ಪೇಜ್ ಸಿಗತ್ತೆ. ಅಲ್ಲಿ ಯಾವ ಪ್ರಾಡಕ್ಟ್ ಅಂತ ಕೇಳಿದಾಗ ಗೂಗಲ್ ಸರ್ಚ್ ಆರಿಸ್ರಿ, ನೀವು ಬ್ಲಾಗರ್‌ನಲ್ಲಿ ಇದೀರಿ ಅಂತ ಬ್ಲಾಗರ್ ಒತ್ತಬೇಡ್ರಿ, ಅದು ಕಳ್ಳ ಮಾಲು ಬ್ಲಾಗರ್‌ನಲ್ಲಿ ಇದ್ರೆ ಮಾತ್ರ. ಒರಿಜಿನಲ್ ಎಲ್ಲಿದೆ ಅನ್ನೋ ಕಡೆ ನಿಮ್ಮ ಪೋಸ್ಟಿನ ವಿಳಾಸ, ಕದ್ದಿದ್ದು ಎಲ್ಲಿದೆ ಅನ್ನೋ ಕಡೆ ಅವರ ಪೋಸ್ಟಿನ ಪೂರ್ತಿ ವಿಳಾಸ, ಸಾಲಿಗೊಂದು. ಬರೀ ಅವರ ಹೋಮ್ ಪೇಜಿನ ವಿಳಾಸ ಹಾಕಿದ್ರೆ ತಿರಸ್ಕಾರ ಆಗತ್ತೆ, ನನ್ನ ದೋಸೆ ಕೇಸಲ್ಲಿ ಆಗಿದ್ದು ಅದೇ. ಒಂದೇ ಪೋಸ್ಟು ಎರಡು ಮೂರು ವಿಳಾಸದಲ್ಲಿ ಇರತ್ತೆ, ಹಂಗಾಗಿ ಮೊದಲು ಚಪ್ಪಲಿ ವಾಕ್ಯನ ಉದ್ಧರಣ ಚಿಹ್ನೆ ಒಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ, ಎಷ್ಟು ವಿಳಾಸ ಬರತ್ತೋ ಅಷ್ಟನ್ನೂ ತೆಗೆದು ನೋಡಿ, ಪೂರ್ತಿ ಕಾಪಿ ಇರೋದನ್ನೆಲ್ಲ ಸೇರಿಸ್ರಿ.

ಈಗ ನಿಮ್ಮ ಕೇಸಿನ ಒಂದು ಅಪಾಯ ಹೇಳ್ತೀನಿ, ಸ್ವಲ್ಪ ಗಮನ ಇಟ್ಟು ಓದ್ರಿ. ಅವರ ಪೇಜಲ್ಲಿ ಕಾಣೋ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಚಿತ್ರದ ವಿಳಾಸ ತಗಂಡ್ರೆ blogger.googleusercontent.com ಅಂತ ಶುರು ಆಗತ್ತೆ. ಅಂದ್ರೆ ಅವರು ಫೋಟೋನ ತಮ್ಮ ಕಡೆ ಇಳಿಸ್ಕಂಡಿಲ್ಲ, ನಿಮ್ಮ ಬ್ಲಾಗಿನ ಫೋಟೋನೇ ಅಲ್ಲಿಂದ ತೋರಿಸ್ತಿದಾರೆ. ಆ ವಿಳಾಸ ನಿಮ್ಮದೇ ಫೈಲು! ಅದನ್ನ ಕದ್ದ ಮಾಲು ಅಂತ ದೂರಿನಲ್ಲಿ ಹಾಕಿದ್ರೆ ನಿಮ್ಮ ಫೋಟೋ ವಿರುದ್ಧ ನೀವೇ ದೂರು ಕೊಟ್ಟ ಹಾಗೆ. ದೂರಿನಲ್ಲಿ ಅವರ ಪೇಜಿನ ವಿಳಾಸ ಮಾತ್ರ ಇರಲಿ, ಫೋಟೋ ವಿಷ್ಯ ವಿವರಣೆಲಿ ಬರೀರಿ. ಸಿಟ್ಟಿಗೆ ನಿಮ್ಮ ಫೋಟೋ ಡಿಲೀಟ್ ಮಾಡೋಕೂ ಹೋಗಬೇಡ್ರಿ, ನಿಮ್ಮ ಪೋಸ್ಟಲ್ಲೂ ಹೋಗತ್ತೆ, ಸಾಕ್ಷಿನೂ ಹೋಗತ್ತೆ.

ಗೂಗಲ್ ಒಪ್ಪಿದ್ರೆ ಆ ಪೇಜು ಸರ್ಚಿಂದ ಹೋಗತ್ತೆ, ಸೈಟಿಂದ ಅಲ್ಲ. ವಿಳಾಸ ಗೊತ್ತಿದ್ದೋರಿಗೆ ತೆರೆದೇ ಇರತ್ತೆ, ಅದಕ್ಕೇ ಹೋಸ್ಟ್ ನೋಟಿಸ್ ಬಿಡಬಾರದು ಅನ್ನೋದು. ತೆಗೆದಿದಾರೋ ಇಲ್ವೋ ಅಂತ ಗೊತ್ತಾಗೋಕೆ ಸರ್ಚ್ ರಿಸಲ್ಟಿನ ಕೊನೇಲಿ ಕಾಪಿರೈಟ್ ದೂರಿನ ಮೇಲೆ ರಿಸಲ್ಟ್ ತೆಗೆದಿದೀವಿ ಅನ್ನೋ ಒಂದು ಟಿಪ್ಪಣಿ, ಲ್ಯೂಮೆನ್ ಲಿಂಕ್ ಜೊತೆ ಬರತ್ತೆ ನೋಡ್ರಿ. ಬಿಂಗ್‌ಗೆ ಬೇರೆ ಫಾರ್ಮ್ ಇದೆ, ಒಂದರಲ್ಲಿ ಕೊಟ್ಟಿದ್ದು ಇನ್ನೊಂದಕ್ಕೆ ಹೋಗಲ್ಲ.

ಇದಕ್ಕೆ ಉಲ್ಟಾನೂ ಆಗತ್ತೆ, ಹೋಸ್ಟ್ ಪೇಜು ಕಿತ್ತು ಹಾಕಿರ್ತಾನೆ, ಗೂಗಲ್‌ನಲ್ಲಿ ಇನ್ನೂ ಹೆಸರು ಕಾಣ್ತಿರತ್ತೆ, ಒತ್ತಿದ್ರೆ ಪೇಜೇ ಇಲ್ಲ ಅನ್ನೋ 404. ಆಗ ಮತ್ತೆ ಕಾಪಿರೈಟ್ ದೂರು ಕೊಡೋದಲ್ಲ, Refresh Outdated Content ಅನ್ನೋ ಬೇರೆ ಟೂಲ್ ಇದೆ, ಅದಕ್ಕೆ ಹಾಕ್ರಿ ಸಾಕು.

ಅವರು ಸುಮ್ನೆ ಇರದೆ "ಇದು ನಮ್ದೇ" ಅಂತ ಕೌಂಟರ್ ನೋಟಿಸ್ ಕೊಟ್ರೆ? ಅಮೆರಿಕದ ಕಾನೂನು ಪ್ರಕಾರ ನೀವು ಕೋರ್ಟಿಗೆ ಹೋಗಿದೀನಿ ಅಂತ ತಿಳಿಸದಿದ್ರೆ ಹೋಸ್ಟ್ 10ರಿಂದ 14 ಕೆಲಸದ ದಿನದಲ್ಲಿ ಪೇಜು ವಾಪಸ್ ಹಾಕ್ತಾನೆ. ಫೀಡ್ ಎಳ್ಯೋ ಸೈಟುಗಳು ಸಾಮಾನ್ಯವಾಗಿ ಕೊಡಲ್ಲ, ಯಾಕಂದ್ರೆ ಕೌಂಟರ್ ನೋಟಿಸ್‌ನಲ್ಲಿ ಅವರೂ ನಿಜ ಹೆಸರು ವಿಳಾಸ ಕೊಟ್ಟು ಅದೇ ಪ್ರಮಾಣ ಮಾಡ್ಬೇಕು. ಕೊಟ್ರು ಅನ್ನಿ, ಆವಾಗ ಲಾಯರ್ ಹತ್ರ ಹೋಗ್ರಿ, ಅವನ ಹೆಸರು ವಿಳಾಸಾನೂ ನಿಮ್ಮ ಕೈಲಿರತ್ತೆ. ನಮ್ಮ ಕಾಯ್ದೆಯ 62ನೇ ಕಲಂ ಪ್ರಕಾರ ನೀವಿರೋ ಊರಿನ ಜಿಲ್ಲಾ ಕೋರ್ಟಲ್ಲೇ ಕೇಸ್ ಹಾಕಬಹುದು, ಅಂದ್ರೆ ದುರ್ಗದಲ್ಲೇ, ಅವನ ಊರಿಗೆ ಓಡಾಡೋದು ಬೇಡ. ಪರದೇಶದವನಾದ್ರೆ ಆದೇಶ ಸಿಕ್ಕಿದ್ರೂ ಜಾರಿ ಮಾಡ್ಸೋದು ಕಷ್ಟ, ಒಂದು ಪ್ರವಾಸದ ಪೋಸ್ಟಿಗೆ ನಾನಾದ್ರೆ ಅಷ್ಟು ದುಡ್ಡು ಸುರಿಯಲ್ಲ.

ಗೂಗಲ್‌ನಲ್ಲಿ ಅವರದ್ದೇ ಮೇಲೆ ಬರ್ತಿದೆ ಅಂದ್ರಲ್ಲ, ಯಾಕೆ ಅಂತ ನೋಡೋಕೆ, ಸೈಟ್ ಇರೋರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಪೋಸ್ಟಿನ ವಿಳಾಸನ URL Inspection ಗೆ ಹಾಕ್ರಿ. `Duplicate, Google chose different canonical than user` ಅಂತ ಬಂದು, ಕೆಳಗೆ ಅವರ ವಿಳಾಸ ಕಾಣ್ತಿದ್ರೆ ಗೂಗಲ್ ಅವರದ್ದನ್ನೇ ಅಸಲು ಅಂತ ತಗಂಡಿದೆ ಅಂತರ್ಥ. ಅವರ ಪೇಜು ತೆಗೆದ ಮೇಲೆ ಅದೇ ಜಾಗದಲ್ಲಿ Request Indexing ಒತ್ತಿ, ಒಂದೆರಡು ವಾರ ಬಿಟ್ಟು ಮತ್ತೆ ನೋಡ್ರಿ. ಹಂಗೆ ಬರದೆ ನಿಮ್ಮ ಪೇಜು ಸರಿಯಾಗೇ ಇಂಡೆಕ್ಸ್ ಆಗಿದೆ ಅಂತ ಬಂದ್ರೆ ಇದು ಬರೀ ರ್ಯಾಂಕಿಂಗ್ ಜಗಳ, ಅವರದ್ದು ಹೋದ್ಮೇಲೆ ಸಾಮಾನ್ಯವಾಗಿ ಸರಿ ಹೋಗತ್ತೆ.

ಮತ್ತೆ ಮುಂದಿನ ಪೋಸ್ಟ್ ಹಾಕೋಕೆ ಮುಂಚೆ ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ Site feed ಕೆಳಗೆ Allow blog feed ಅಂತಿದೆ, ಅದು Full ಇರತ್ತೆ, Short ಮಾಡ್ರಿ. ಫೀಡಲ್ಲಿ ಓದೋ ನಾಲ್ಕು ಜನಕ್ಕೆ ಸ್ವಲ್ಪ ಬೇಜಾರಾಗತ್ತೆ ನಿಜ, ಆದ್ರೆ ಆ ಸಾಫ್ಟ್‌ವೇರಿಗೆ ಸಿಗೋದು ನಾಲ್ಕು ಸಾಲು ಅಷ್ಟೇ. ನೀವು ಮುಂದಿನ ವಾರ ವಾಣಿವಿಲಾಸ ಸಾಗರದ ಬಗ್ಗೆ ಹಾಕ್ತೀನಿ ಅಂತ ಬರೆದಿದೀರಲ್ಲ, ಅದು ಆದ್ಮೇಲೆ ಕಾಲು ಗಂಟೆ ಬಿಟ್ಟು ಅವರ ಸೈಟ್ ತೆಗೆದು ನೋಡ್ರಿ, ಅರ್ಧಕ್ಕೆ ನಿಂತ ವಾಕ್ಯ ಕಂಡ್ರೆ ಫೀಡೇ ದಾರಿ ಅಂತ ಖಾತ್ರಿ ಆಯ್ತು. ಪೂರ್ತಿ ಪೋಸ್ಟೇ ಬಂದಿದ್ರೆ ನೇರ ಪೇಜಿಂದ ಎಳೀತಿದಾರೆ, ಆವಾಗ ಈ ಸೆಟ್ಟಿಂಗ್ ಉಪಯೋಗಕ್ಕೆ ಬರಲ್ಲ, ಆ ಹೊಸ ವಿಳಾಸನೂ ಸೇರಿಸಿ ಹೋಸ್ಟಿಗೆ ಇನ್ನೊಂದು ನೋಟಿಸ್ ಕಳಿಸ್ರಿ, ಹಳೇ ನೋಟಿಸಿನ ತಾರೀಖು ಅದರಲ್ಲಿ ಬರೀರಿ.